ಬರೀ ಪ್ಯಾರಾ ಬಂದಿದೆ, ಮಾತೇ ಇಲ್ಲ: ಕಳಿಸಿದವರಿಗೆ ಏನು ಬೇಕು ಅಂತ ಕಂಡುಹಿಡಿಯೋದು ಹೇಗೆ?

ಎರಡು ವರ್ಷದ ಹಿಂದೆ ನನ್ನ ಡಿಟಿಪಿ ಅಂಗಡಿಯ ವಾಟ್ಸಾಪ್‌ಗೆ ನಿವೃತ್ತ ಮೇಷ್ಟ್ರೊಬ್ಬರು ಒಂದು ಉದ್ದದ ಲೇಖನ ಕಳಿಸಿದರು. ಕೆರೆ ಹೂಳಿನ ಬಗ್ಗೆ. ಮುಂದೆ ನಮಸ್ಕಾರ ಇಲ್ಲ, ಹಿಂದೆ ಧನ್ಯವಾದ ಇಲ್ಲ, ಬರೀ ಲೇಖನ. ಮೇಷ್ಟ್ರು ಆಗಾಗ ನನ್ನ ಹತ್ರ ಏನಾದರೂ ಟೈಪ್ ಮಾಡಿಸ್ತಾರೆ, ಪ್ರೂಫ್ ನೋಡೋಕೆ ಕಳಿಸಿದ್ದಾರೆ ಅಂದುಕೊಂಡೆ. ಕೂತು ತಿದ್ದಿದೆ. ಎರಡು ಕಡೆ ವಾಕ್ಯ ಒಡೆದೆ, ಕಾಗುಣಿತ ಸರಿ ಮಾಡಿದೆ, ಮಧ್ಯದಲ್ಲಿ ಸಂಬಂಧವೇ ಇಲ್ಲದೆ "ಇದನ್ನೂ ಓದಿ: ಅಡಿಕೆ ಧಾರಣೆ ಏರಿಕೆ" ಅಂತ ಒಂದು ಸಾಲಿತ್ತು, ಮೇಷ್ಟ್ರಿಗೆ ವಯಸ್ಸಾಯ್ತು ಅಂತ ಅದನ್ನ ತೆಗೆದು ಹಾಕಿದೆ. ವಾಪಸ್ ಕಳಿಸಿ ನೂರೈವತ್ತು ರೂಪಾಯಿ ಆಯ್ತು ಸಾರ್ ಅಂದೆ.

ಫೋನ್ ಬಂತು. "ಅಯ್ಯೋ ಮಾರಾಯ, ಅದು ಪೇಪರಲ್ಲಿ ಬಂದಿದ್ದು. ನಿಮ್ಮೂರ ಕೆರೆ ವಿಷಯ ಇದೆ, ಓದಲಿ ಅಂತ ಕಳಿಸಿದ್ದೆ."

ಅವತ್ತಿಂದ ನಾನು ಇಂಥ ಮೆಸೇಜು ಬಂದ ಕೂಡಲೇ ಕೆಲಸಕ್ಕೆ ಕೈ ಹಾಕೋದಿಲ್ಲ. ಒಂದೆರಡು ನಿಮಿಷ ಸುಮ್ನೆ ನೋಡ್ತೀನಿ. ಹೇಗೆ ನೋಡೋದು ಅನ್ನೋದನ್ನ ಇಲ್ಲಿ ಬರೀತಿದ್ದೀನಿ. ಅಂಗಡಿ ಇಟ್ಟವರಿಗೆ, ಅನುವಾದ ಮಾಡೋರಿಗೆ ಮಾತ್ರ ಅಲ್ಲ. "ಇಂಗ್ಲಿಷ್ ಗೊತ್ತಿರೋನು" ಅಂತ ಮನೆಮಂದಿಯೆಲ್ಲ ಯಾರಿಗೆ ಪ್ಯಾರಾ ಕಳಿಸ್ತಾರೋ ಅವರಿಗೂ ಇದು ಬೇಕಾಗುತ್ತೆ.

1. ಓದುವ ಮೊದಲು ಮೆಸೇಜಿನ ಮೈ ನೋಡಿ

ಮೊದಲ ಗುರುತು ವಾಟ್ಸಾಪೇ ಹಾಕಿರುತ್ತೆ. ಮೇಲೆ ಒಂದು ಬಾಣ ಹಾಕಿ Forwarded ಅಂತ ಇದ್ದರೆ ಅವರು ಬೇರೆ ಕಡೆಯಿಂದ ಬಂದಿದ್ದನ್ನ ಹಾಗೇ ತಳ್ಳಿದ್ದಾರೆ. ಜೋಡಿ ಬಾಣ ಇದ್ದರೆ ಅದು ನಿಮಗೆ ಬರೋ ಮೊದಲು ಕಡಿಮೆ ಅಂದರೂ ಐದು ಕೈ ದಾಟಿದೆ ಅಂತ ಅರ್ಥ. ಜೋಡಿ ಬಾಣದ ಮೆಸೇಜಿನ ಹಿಂದೆ ಸಾಮಾನ್ಯವಾಗಿ ಇರೋದು ಎರಡೇ ಉದ್ದೇಶ. ಒಂದು, ಸುಮ್ನೆ ಹಂಚಿಕೊಳ್ಳೋದು. ಎರಡು, "ಇದು ನಿಜಾನಾ?" ಅಂತ ಕೇಳೋದು. ತಿದ್ದೋಕೆ, ಅನುವಾದಕ್ಕೆ ಅಂತ ಜೋಡಿ ಬಾಣದ ಮೆಸೇಜು ನನಗೆ ಬಂದಿದ್ದು ತೀರಾ ಅಪರೂಪ.

ಬಾಣ ಇಲ್ಲ ಅಂದರೆ ಅವರು ಒಂದೋ ಟೈಪ್ ಮಾಡಿದ್ದಾರೆ, ಇಲ್ಲ ಕಾಪಿ ಮಾಡಿ ಅಂಟಿಸಿದ್ದಾರೆ. ಇಲ್ಲಿಂದ ಮಜಾ ಶುರು. ಅಂಟಿಸಿದ ಬರಹ ತಾನು ಎಲ್ಲಿಂದ ಬಂದೆ ಅನ್ನೋ ಮಣ್ಣನ್ನ ಕಾಲಿಗೆ ಮೆತ್ತಿಕೊಂಡೇ ಬರುತ್ತೆ.

"ಇದನ್ನೂ ಓದಿ" ಸಾಲು ಇದ್ದರೆ ಅದು ಸುದ್ದಿ ವೆಬ್‌ಸೈಟಿಂದ ಬಂದಿದ್ದು. ಅಂದರೆ ಈಗಾಗಲೇ ಅಚ್ಚಾಗಿದೆ, ತಿದ್ದೋಕೆ ಏನೂ ಇಲ್ಲ. ಆ ಸಾಲನ್ನೇ ನಾನು ತಪ್ಪು ಅಂತ ಅಳಿಸಿದ್ದೆ ಅಲ್ವಾ, ಅದೇ ನನಗೆ ಉತ್ತರ ಹೇಳ್ತಿತ್ತು.

ವಾಕ್ಯ ಮುಗಿಯೋ ಮೊದಲೇ ಪ್ರತಿ ಸಾಲೂ ಏಳೆಂಟು ಪದಕ್ಕೆ ಕಡಿದು ಕೆಳಗಿಳಿದಿದ್ದರೆ ಅದು ಪಿಡಿಎಫ್‌ನಿಂದ ಎತ್ತಿದ್ದು. ಪಿಡಿಎಫ್ ಅಂದರೆ ನಮ್ಮ ಕಡೆ ಹೆಚ್ಚಾಗಿ ನೋಟೀಸು, ಸುತ್ತೋಲೆ, ಆದೇಶ, ಪಾಲಿಸಿ. ಹಾಗೆ ಬಂದರೆ ನಾನು ಹುಷಾರಾಗ್ತೀನಿ, ಯಾಕಂದ್ರೆ ಅದರಲ್ಲಿ ಸಾಮಾನ್ಯವಾಗಿ ಒಂದು ಗಡುವು ಇರುತ್ತೆ.

ಸಾಲಿನ ಮುಂದೆ ಚೌಕ ಕಂಸದಲ್ಲಿ ತಾರೀಕು, ಗಂಟೆ, ಆಮೇಲೆ ಒಬ್ಬರ ಹೆಸರು, ಮತ್ತೆ ಅದೇ ಥರ ಇನ್ನೊಂದು ಸಾಲು. ಇದು ಎರಡು ಮೂರು ಮೆಸೇಜನ್ನ ಒಟ್ಟಿಗೆ ಒತ್ತಿ ಕಾಪಿ ಮಾಡಿದಾಗ ಬರೋ ರೂಪ. ಅಂದರೆ ಯಾರದೋ ಜೊತೆ ಆದ ಮಾತುಕತೆ. ಇದನ್ನ ಕಳಿಸಿದವರಿಗೆ ಬೇಕಿರೋದು ಅನುವಾದ ಅಲ್ಲ, ತಿದ್ದೋದೂ ಅಲ್ಲ. "ನೋಡಿ ಅವನು ಹೆಂಗೆ ಮಾತಾಡಿದ್ದಾನೆ", ಅಥವಾ "ಇದಕ್ಕೆ ನಾನು ಏನಂತ ಉತ್ತರ ಕೊಡಲಿ". ವ್ಯಾಕರಣ ತಿದ್ದಿ ಕಳಿಸಿದರೆ ಮುಗೀತು ನಿಮ್ಮ ಕಥೆ.

2. ಅಕ್ಷರ ಗಜಿಬಿಜಿ ಬಂದರೆ ವಿಷಯ ಬಿಡಿ, ರೂಪ ನೋಡಿ

ಇದು ಕನ್ನಡದವರಿಗೆ ಮತ್ತೆ ಮತ್ತೆ ಬರೋ ತಲೆನೋವು, ಹಾಗಾಗಿ ಸ್ವಲ್ಪ ಜಾಸ್ತಿ ಹೇಳ್ತೀನಿ. ಕೆಲವು ಪ್ಯಾರಾ ಹೀಗೆ ಬರುತ್ತೆ:

```
PÀ£ÀßqÀ
```

ಇದು ವೈರಸ್ ಅಲ್ಲ, "ಕನ್ನಡ" ಅನ್ನೋ ಪದವೇ. ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಕಂಪ್ಯೂಟರಿನ ಒಳಗೆ ಕೂತಿರೋದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಗಳು, ಫಾಂಟು ಅವುಗಳ ಮೇಲೆ ಕನ್ನಡದ ವೇಷ ಹಾಕಿರುತ್ತೆ. ವಾಟ್ಸಾಪಿಗೆ ಅಂಟಿಸಿದ ತಕ್ಷಣ ಫಾಂಟು ಕಳಚಿ ಬೀಳುತ್ತೆ, ಒಳಗಿನದು ಬಯಲಾಗುತ್ತೆ. ಇವತ್ತಿಗೂ ಕಚೇರಿ, ಪ್ರೆಸ್ಸು, ಕೋರ್ಟ್ ಪಕ್ಕದ ಟೈಪಿಂಗ್ ಅಂಗಡಿಗಳಲ್ಲಿ ಇಂಥ ಫೈಲು ರಾಶಿ ಇದೆ.

ಇಂಥದ್ದು ಬಂದರೆ ಕಳಿಸಿದವರಿಗೂ ಅದು ಹಾಗೇ ಕಾಣ್ತಿರುತ್ತೆ. ಅವರ ಪ್ರಶ್ನೆ "ಇದು ಓದೋಕೆ ಆಗ್ತಿಲ್ಲ, ಏನು ಮಾಡ್ಲಿ" ಅಂತ. ಆದ್ದರಿಂದ ಇದೊಂದರಲ್ಲಿ ನಾನು ಕೇಳೋಕೂ ಹೋಗಲ್ಲ. ಈ ಹಳೇ ರೂಪದಿಂದ, ಅಂದರೆ ಆಸ್ಕಿಯಿಂದ, ಎಲ್ಲ ಫೋನಲ್ಲೂ ಕಾಣೋ ಯೂನಿಕೋಡಿಗೆ ಬದಲಿಸೋ ಕನ್ವರ್ಟರಿಗೆ ಹಾಕಿ, ಓದೋ ಹಾಗೆ ಮಾಡಿ ಕಳಿಸ್ತೀನಿ. ಆದರೆ ಕನ್ವರ್ಟ್ ಆದ ಮೇಲೆ ಒಂದು ಸಲ ಕಣ್ಣಾಡಿಸಲೇಬೇಕು. ಮೂಲದಲ್ಲಿ ನಿಜವಾದ ಇಂಗ್ಲಿಷ್ ಪದ ಇದ್ದರೆ, ಉದಾಹರಣೆಗೆ ಕಂಪನಿ ಹೆಸರು ಅಥವಾ ಈಮೇಲ್ ವಿಳಾಸ, ಕನ್ವರ್ಟರು ಅದನ್ನೂ ನುಡಿ ಅಂದುಕೊಂಡು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತೆ. ನಾಲ್ಕು ಸಾಲು ಚೆನ್ನಾಗಿದ್ದು ಐದನೇ ಸಾಲಲ್ಲಿ ಯಾರೋ ಬಾಯಿಗೆ ಬಂದ ಹಾಗೆ ಬೈದಂತೆ ಕಂಡರೆ ಅಲ್ಲಿ ಇಂಗ್ಲಿಷ್ ಇತ್ತು ಅಂತ ತಿಳ್ಕೊಳ್ಳಿ. ಆ ಜಾಗ ಮೂಲ ನೋಡಿ ಕೈಯಲ್ಲೇ ಸರಿ ಮಾಡಬೇಕು.

ಇನ್ನೊಂದು ಇದೆ, ಕಣ್ಣಿಗೆ ಕಾಣದ್ದು. ಸೊನ್ನೆ ಅಂಕಿ ಮತ್ತು ಅನುಸ್ವಾರ. ೦ ಮತ್ತು ಂ. ಬೆಂಗಳೂರು ಅಂತ ಬರೆಯೋ ಕಡೆ ಅನುಸ್ವಾರದ ಬದಲು ಸೊನ್ನೆ ಅಂಕಿ ಕೂತಿದ್ದರೆ ಪರದೆ ಮೇಲೆ ಗೊತ್ತೇ ಆಗಲ್ಲ. ಗೊತ್ತಾಗೋದು ಹುಡುಕಿದಾಗ. ಕಣ್ಣೆದುರಿಗೆ ಬೆಂಗಳೂರು ಇದೆ, ಫೈಂಡ್‌ನಲ್ಲಿ ಹಾಕಿದರೆ "ಇಲ್ಲ" ಅನ್ನುತ್ತೆ. ಯಾರಾದರೂ ನಿಮಗೆ ನೋಡೋಕೆ ಏನೂ ತಪ್ಪಿಲ್ಲದ ಒಂದು ಪುಟ್ಟ ಪ್ಯಾರಾ ಕಳಿಸಿ ಸುಮ್ಮನಾದರೆ, ಅದೂ ಕಂಪ್ಯೂಟರ್ ಕೆಲಸ ಮಾಡೋರು ಕಳಿಸಿದ್ದರೆ, ಇದನ್ನೊಮ್ಮೆ ಪರೀಕ್ಷೆ ಮಾಡಿ. ಒಬ್ಬ ಹುಡುಗಿ ಹೀಗೇ ಹೆಸರುಗಳ ಪಟ್ಟಿ ಕಳಿಸಿದ್ದಳು. ಎಕ್ಸೆಲ್‌ನಲ್ಲಿ ಒಂದೇ ಊರು ಎರಡು ಊರಾಗಿ ಎಣಿಕೆ ಆಗ್ತಿತ್ತು ಅವಳಿಗೆ. ಅದನ್ನ ಹೇಳೋದು ಹೇಗೆ ಅಂತ ಗೊತ್ತಾಗದೆ ಬರೀ ಪಟ್ಟಿ ಕಳಿಸಿದ್ದಳು.

3. ಒಳಗೆ ಮಾತಾಡ್ತಿರೋರು ಯಾರು?

ಈಗ ಓದಿ. ಓದುವಾಗ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಇದರಲ್ಲಿ "ನಾನು" ಯಾರು, "ನೀವು" ಯಾರು?

"ನಾನು" ಅಂದರೆ ಕಳಿಸಿದವರೇ ಆಗಿದ್ದರೆ, ಅಂದರೆ ಅವರ ಹೆಸರಿನ ಅರ್ಜಿ, ರಜೆ ಪತ್ರ, ಮಗಳ ಮದುವೆ ಕರೆಯೋಲೆಯ ಒಕ್ಕಣೆ, ಬೀಳ್ಕೊಡುಗೆ ಭಾಷಣ, ಹಾಗಿದ್ದರೆ ಬೇಕಿರೋದು ಬಹುತೇಕ ತಿದ್ದೋದು. ಅದರಲ್ಲೂ ಖಾಲಿ ಚುಕ್ಕಿ ಸಾಲು ಇದ್ದರೆ ತುಂಬಿಸಿ ಕೊಡೋದು. ಬಾಡಿಗೆ ಕರಾರು ಪತ್ರ ಹೀಗೇ ಬರುತ್ತೆ, ಹನ್ನೊಂದು ತಿಂಗಳು ಅಂತ ಇರುತ್ತೆ, ಹೆಸರಿನ ಜಾಗ ಚುಕ್ಕಿ.

"ನೀವು" ಅಂದರೆ ಕಳಿಸಿದವರು ಆಗಿದ್ದರೆ, ಅಂದರೆ ಯಾರೋ ಅವರಿಗೆ ಬರೆದಿದ್ದು, ಬೇಕಿರೋದು ಅರ್ಥ. ಇಲ್ಲಿ ಎಡವೋರು ಜಾಸ್ತಿ. ಅರ್ಥ ಬೇಕು ಅಂದರೆ ಪದ ಪದ ಅನುವಾದ ಬೇಕು ಅಂತಲ್ಲ. "ನನಗೆ ಇದರಿಂದ ಏನಾಗುತ್ತೆ, ನಾನು ಏನು ಮಾಡಬೇಕು, ಯಾವತ್ತಿನೊಳಗೆ" ಅಂತ.

ಇಬ್ಬರೂ ಅಲ್ಲ, ಲೋಕಕ್ಕೆಲ್ಲ ಹೇಳಿದ ಮಾತಾಗಿದ್ದರೆ ಹಂಚಿಕೆ, ಇಲ್ಲ ಅನುಮಾನ.

ಇಲ್ಲೊಂದು ಬಲೆ ಇದೆ. ಪ್ಯಾರಾದ ಒಳಗೇ ಒಂದು ಅಪ್ಪಣೆ ಇರುತ್ತೆ. "ಎಲ್ಲ ಗ್ರೂಪಿಗೂ ಕಳಿಸಿ." "ಕೂಡಲೇ ಈ ಲಿಂಕ್ ಒತ್ತಿ ದಂಡ ಕಟ್ಟಿ." ಅದು ಬರಹದ ಅಪ್ಪಣೆ, ಕಳಿಸಿದವರದ್ದಲ್ಲ. ನಿಮ್ಮ ಅತ್ತೆ ಟ್ರಾಫಿಕ್ ದಂಡದ ಮೆಸೇಜನ್ನ ನಿಮಗೆ ಕಳಿಸಿದರೆ ನೀವು ದಂಡ ಕಟ್ಟಲಿ ಅಂತ ಅಲ್ಲ. "ನಾನು ಗಾಡಿ ಓಡಿಸೋದೇ ಇಲ್ವಲ್ಲ, ಇದೇನಿದು" ಅಂತ. ಇದಕ್ಕೆ ಬರೆದು ಉತ್ತರ ಕೊಡೋಕೆ ಕೂರಬೇಡಿ, ಫೋನ್ ಮಾಡಿ. ಮೊದಲ ಪ್ರಶ್ನೆ "ಒತ್ತಿದ್ರಾ?" ಒತ್ತಿ ದುಡ್ಡು ಹೋಗಿದ್ದರೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಕ್ಷಣ ಹೇಳಬೇಕು, ಅಲ್ಲಿ ನಿಮಿಷ ಲೆಕ್ಕ.

4. ಯಾಕೆ ಇಷ್ಟೇ ಕಳಿಸಿದರು ಅಂತ ಯೋಚಿಸಿ

ಇಡೀ ಕಾಗದ ಕಳಿಸೋದು ಸುಲಭ. ಫೋಟೋ ಹೊಡೆದರೆ ಆಯ್ತು. ಅದರಲ್ಲಿ ಒಂದೇ ಪ್ಯಾರಾ ಆರಿಸಿ, ಬೆರಳಲ್ಲಿ ಒತ್ತಿ ಹಿಡಿದು, ಎಳೆದು, ಕಾಪಿ ಮಾಡೋದು ಕಷ್ಟ. ಹಾಗಿದ್ದೂ ಮಾಡಿದ್ದಾರೆ ಅಂದರೆ ಅವರ ಮನಸ್ಸಲ್ಲಿ ಪ್ರಶ್ನೆ ಇದೆ, ಅದು ಆ ಪ್ಯಾರಾದಲ್ಲೇ ಇದೆ. ಎಲ್ಲಿಂದ ಕತ್ತರಿಸಿದ್ದಾರೆ, ಎಲ್ಲಿಗೆ ನಿಲ್ಲಿಸಿದ್ದಾರೆ ಅನ್ನೋದೇ ದೊಡ್ಡ ಸುಳಿವು.

ಆಮೇಲೆ ಚಾಟನ್ನ ಮೇಲಕ್ಕೆ ಸರಿಸಿ. ಹತ್ತು ಹದಿನೈದು ಮೆಸೇಜು ಸಾಕು. ನಾವು ಬರೋ ಮೆಸೇಜನ್ನ ಒಂದೊಂದಾಗಿ ನೋಡ್ತೀವಿ, ಕಳಿಸೋರಿಗೆ ಅದು ಹೋದ ವಾರದ ಮಾತಿನ ಮುಂದುವರಿಕೆ. ಅವರ ಪ್ರಕಾರ ಅವರು ಆಗಲೇ ಹೇಳಿ ಆಗಿದೆ.

ಒಂದು ಉದಾಹರಣೆ ಪೂರ್ತಿ ಹೇಳಿಬಿಡ್ತೀನಿ, ಗುರುತು ಸಿಗದ ಹಾಗೆ ಅಲ್ಲಿ ಇಲ್ಲಿ ಬದಲಿಸಿ.

ರಾತ್ರಿ ಹತ್ತೂವರೆಗೆ ಬಂದ ಪ್ಯಾರಾ

ಜೂನ್ 20. ಚಿಕ್ಕಪ್ಪನ ಮಗನಿಂದ ಇಂಗ್ಲಿಷಿನಲ್ಲಿ ಆರು ಸಾಲು. ಬಾಣ ಇಲ್ಲ. ಸಾಲು ಅಡ್ಡಾದಿಡ್ಡಿ ಕಡಿದಿದೆ, ಹಾಗಾಗಿ ಪಿಡಿಎಫ್. ಸಾಲದ ಆಸ್ತಿಯನ್ನ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ, ಬೇರೆ ಯಾವ ರೀತಿಯಲ್ಲೂ ವರ್ಗಾಯಿಸುವಂತಿಲ್ಲ ಅಂತ ಇದೆ. ಸೆಕ್ಷನ್ 13(13) ಅಂತ ನಂಬರು ಕೂಡ ಇದೆ.

ಕೈ ತಾನಾಗಿ ಅನುವಾದಕ್ಕೆ ಹೊರಟಿತು. ನಿಲ್ಲಿಸಿದೆ. ಅವನು ಬಿಕಾಂ ಮಾಡಿದವನು, ಅಂಗಡಿ ಲೆಕ್ಕ ಎಲ್ಲ ಇಂಗ್ಲಿಷಲ್ಲೇ ಬರೀತಾನೆ. ಆರು ಸಾಲು ಓದೋಕೆ ನಾನು ಬೇಕಾಗಿಲ್ಲ. ಅನುವಾದ ಅಲ್ಲ.

ಒಳಗಿನ "ನೀವು" ಅವನೇ. ಹಾಗಾದರೆ ಅರ್ಥ, ಪರಿಣಾಮ. ಆ ಸೆಕ್ಷನ್ನು 2002ರ ಸರ್ಫೇಸಿ ಕಾಯ್ದೆಯದು, ಬ್ಯಾಂಕು ಕೋರ್ಟಿಗೆ ಹೋಗದೆ ಅಡಮಾನದ ಆಸ್ತಿ ವಶಕ್ಕೆ ತಗೊಳ್ಳೋ ಕಾಯ್ದೆ. ಕಂತು ತೊಂಬತ್ತು ದಿನಕ್ಕಿಂತ ಜಾಸ್ತಿ ಬಾಕಿ ಉಳಿದು ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆದ ಮೇಲೆ 13(2)ರ ಪ್ರಕಾರ ನೋಟೀಸ್ ಕೊಡ್ತಾರೆ, ಅರವತ್ತು ದಿನದಲ್ಲಿ ಬಾಕಿ ಪೂರ್ತಿ ಕಟ್ಟಿ ಅಂತ. ಅಂದರೆ ಅವನಿಗೆ ಆ ನೋಟೀಸ್ ಬಂದಿದೆ. ನನಗೆ ಅವನು ಹೇಳೇ ಇರಲಿಲ್ಲ.

ನನ್ನ ಮೊದಲ ಊಹೆ: "ಅಣ್ಣಾ, ಮನೆ ಜಪ್ತಿ ಮಾಡ್ತಾರಾ?" ಆದರೆ ಅದು ಪ್ರಶ್ನೆ ಆಗಿದ್ದರೆ ಅವನು ಅರವತ್ತು ದಿನದ ಪ್ಯಾರಾ ಕಳಿಸಬೇಕಿತ್ತು, ಅಥವಾ ವಶಕ್ಕೆ ತಗೊಳ್ತೀವಿ ಅನ್ನೋ ಪ್ಯಾರಾ. ಅವೆರಡನ್ನೂ ಬಿಟ್ಟು ಮಾರಾಟದ ಪ್ಯಾರಾ ಒಂದನ್ನೇ ಕತ್ತರಿಸಿದ್ದಾನೆ. ಯಾಕೆ?

ಚಾಟ್ ಮೇಲೆ ಸರಿಸಿದೆ. ಎಂಟು ದಿನದ ಹಿಂದೆ, ಮಾವಿನಹಣ್ಣಿನ ಫೋಟೋಗಳ ನಡುವೆ ಒಂದು ಸಾಲು: "ಮನೆ ಮಾರೋಣ ಅಂತಿದೀನಿ, ಪಾರ್ಟಿ ಒಬ್ರು ಕೇಳ್ತಿದಾರೆ." ನಾನು ಅದಕ್ಕೆ ಹೆಬ್ಬೆರಳು ಒತ್ತಿ ಮುಂದೆ ಹೋಗಿದ್ದೆ.

ಅಲ್ಲಿಗೆ ಪ್ರಶ್ನೆ ಸಿಕ್ಕಿತು. "ಮನೆ ಮಾರಿ ಸಾಲ ತೀರಿಸೋಣ ಅಂತಿದ್ದೆ, ಇವರು ಮಾರಬೇಡ ಅಂತಿದ್ದಾರೆ. ಮಾರಬಹುದಾ ಇಲ್ವಾ?"

ಆದರೂ ಇದು ಊಹೆಯೇ. ಹಾಗಾಗಿ ಎರಡೂ ಊಹೆಗೆ ಉಪಯೋಗ ಆಗೋ ಒಂದು ಪ್ರಶ್ನೆ ಹುಡುಕಿದೆ. ಜಪ್ತಿಯ ಭಯವೇ ಇರಲಿ, ಮಾರಾಟದ ಯೋಚನೆಯೇ ಇರಲಿ, ಎರಡಕ್ಕೂ ನೋಟೀಸಿನ ತಾರೀಕು ಬೇಕು, ಅದು ಆ ಆರು ಸಾಲಲ್ಲಿ ಇಲ್ಲ. ಹೀಗೆ ಬರೆದೆ:

"ಓದಿದೆ ಕಣೋ. ಮಾರಲೇಬಾರದು ಅಂತ ಇದರಲ್ಲಿ ಇಲ್ಲ, ಬ್ಯಾಂಕಿಂದ ಬರಹದಲ್ಲಿ ಒಪ್ಪಿಗೆ ತಗೊಂಡು ಮಾರಬೇಕು ಅಂತ ಇದೆ. ಅಲ್ಲಿವರೆಗೆ ಯಾರ ಹತ್ರಾನೂ ಅಡ್ವಾನ್ಸ್ ತಗೋಬೇಡ. ಮನೆ ಮಾರೋ ವಿಷಯಕ್ಕೇ ತಾನೆ ಕೇಳ್ತಿರೋದು? ನೋಟೀಸ್ ಮೇಲೆ ಇರೋ ತಾರೀಕು ಯಾವುದು?"

ಎರಡು ನಿಮಿಷಕ್ಕೆ ಉತ್ತರ ಬಂತು. "ಹೂಂ ಅಣ್ಣಾ. ಜೂನ್ 3. ಅವರು ನಾಳೆ ಬೆಳಗ್ಗೆ ಐದು ಲಕ್ಷ ತರ್ತಾರಂತೆ."

ಜೂನ್ 3ರಿಂದ ಅರವತ್ತು ದಿನ ಅಂದರೆ ಆಗಸ್ಟ್ 2. ಇನ್ನೂ ನಲವತ್ತಮೂರು ದಿನ ಇತ್ತು. ನೋಟೀಸಿಗೆ ಆಕ್ಷೇಪ ಬರೆದು ಕೊಟ್ಟರೆ ಬ್ಯಾಂಕು ಅದನ್ನ ಒಪ್ಪದಿದ್ದ ಪಕ್ಷದಲ್ಲಿ ಹದಿನೈದು ದಿನದಲ್ಲಿ ಕಾರಣ ತಿಳಿಸಬೇಕು ಅಂತಲೂ ಅದೇ ಕಾಯ್ದೆಯಲ್ಲಿದೆ. ಅಷ್ಟು ಹೇಳಿ, ಬೆಳಗ್ಗೆ ಐದು ಲಕ್ಷ ಮುಟ್ಟಬೇಡ, ಇಡೀ ನೋಟೀಸ್ ಹಿಡ್ಕೊಂಡು ವಕೀಲರ ಹತ್ರ ಹೋಗು ಅಂದೆ. ಮುಂದಿನದು ವಕೀಲರ ಕೆಲಸ, ನನ್ನದಲ್ಲ. ನಾನು ಅವತ್ತು ರಾತ್ರಿ ನೀಟಾಗಿ ಆರು ಸಾಲನ್ನ ಕನ್ನಡಕ್ಕೆ ತಂದು ಬೆಳಗ್ಗೆ ಹತ್ತಕ್ಕೆ ಕಳಿಸಿದ್ದರೆ ಅಷ್ಟೊತ್ತಿಗೆ ಅಡ್ವಾನ್ಸ್ ಕೈ ಬದಲಾಗಿರ್ತಿತ್ತು.

5. ಎರಡು ಊಹೆ ಇದ್ದರೆ, ತಪ್ಪಿದರೆ ಏನಾಗುತ್ತೆ ನೋಡಿ

ಬಹಳ ಸಲ ಕೊನೆಗೆ ಎರಡು ಊಹೆ ಉಳಿಯುತ್ತೆ. ಯಾವುದು ಹೆಚ್ಚು ಸರಿ ಅನ್ನೋದಕ್ಕಿಂತ ಯಾವುದು ತಪ್ಪಿದರೆ ಹೆಚ್ಚು ನಷ್ಟ ಅಂತ ನಾನು ನೋಡ್ತೀನಿ.

ಕವಿತೆ ಬಂತು ಅನ್ನಿ. ಸ್ವಂತ ಕವಿತೆ, ಹೊಸಬರು. ತಿದ್ದಲಿ ಅಂತಲೋ, ಹೇಗಿದೆ ಹೇಳಲಿ ಅಂತಲೋ ಗೊತ್ತಿಲ್ಲ. ತಿದ್ದೋಕೆ ಕಳಿಸಿದ್ದನ್ನ ಓದಿ "ಮೂರನೇ ಸಾಲು ಹಿಡಿಸಿತು" ಅಂದರೆ ಏನೂ ಹೋಗಲ್ಲ, "ಸರಿ, ತಪ್ಪಿದ್ದರೆ ತಿದ್ದಿ ಸಾರ್" ಅಂತ ಇನ್ನೊಂದು ಮೆಸೇಜು ಬರುತ್ತೆ. ಖುಷಿಗೆ ಕಳಿಸಿದ್ದಕ್ಕೆ ಕೆಂಪು ಗೆರೆ ಎಳೆದು ಕಳಿಸಿದರೆ ಆ ಮನುಷ್ಯ ಮತ್ತೆ ಏನೂ ಕಳಿಸಲ್ಲ. ಹಾಗಾಗಿ ಕವಿತೆಗೆ ಮೊದಲು ಓದಿದ ಮಾತು, ಆಮೇಲೆ ಉಳಿದಿದ್ದು.

ಔಷಧಿ, ಆಸ್ಪತ್ರೆ ರಿಪೋರ್ಟಿನ ಸಾಲು ಬಂದರೆ ಉಲ್ಟಾ. ಅದನ್ನ ಸುಮ್ನೆ ಹಂಚಿಕೊಂಡಿದ್ದಾರೆ ಅಂದುಕೊಂಡು ಬಿಡೋದೇ ದೊಡ್ಡ ತಪ್ಪು. "ಇದು ಯಾರದು?" ಅಂತ ಮೊದಲು ಕೇಳಿ. ಅರ್ಥ ಹೇಳೋಕೆ ಹೋಗಬೇಡಿ. ಒಂದು ಪ್ಯಾರಾ ನೋಡಿ ರಿಪೋರ್ಟ್ ಹೇಳೋ ಧೈರ್ಯ ಡಾಕ್ಟರಿಗೂ ಇರಲ್ಲ.

ಸಹಿ ಹಾಕೋ ಕಾಗದದಲ್ಲಿ ನಾನು ಊಹೆಯ ಮೇಲೆ ಒಂದು ಅಕ್ಷರವನ್ನೂ ಬದಲಿಸಲ್ಲ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ "ಪೂರ್ವಕ್ಕೆ: ರಸ್ತೇ" ಅಂತ ದೀರ್ಘ ಇದ್ದರೂ ಕೇಳದೆ ಮುಟ್ಟಲ್ಲ. ನೋಂದಣಿ ಆದ ಪತ್ರದ ನಕಲು ಅದಾಗಿದ್ದರೆ ತಪ್ಪೂ ಸೇರಿ ಅದೇ ಮೂಲ.

6. ಕೇಳೋದಿದ್ದರೆ ಹೀಗೆ ಕೇಳಿ

"ಇದನ್ನ ಏನು ಮಾಡ್ಬೇಕು?" ಅಂತ ಮಾತ್ರ ಕೇಳಬೇಡಿ. ನಾನು ವರ್ಷಗಟ್ಟಲೆ ಹಾಗೇ ಕೇಳಿದ್ದೀನಿ. ಬರೋ ಉತ್ತರ ಎರಡೇ: "ನೋಡಿ ಸಾರ್" ಮತ್ತು "ನಿಮಗೆ ಗೊತ್ತಲ್ಲ". ಹಿರಿಯರಿಗೆ ಆ ಮಾತು ಸ್ವಲ್ಪ ಚುಚ್ಚುತ್ತೆ ಕೂಡ, ಕಳಿಸಿದ್ದೇ ತಪ್ಪಾಯ್ತೇನೋ ಅನ್ನೋ ಹಾಗೆ.

ಅದರ ಬದಲು ಮೂರು ತುಂಡು ಮಾಡಿ. ಮೊದಲು ಓದಿದ್ದೀನಿ ಅನ್ನೋದಕ್ಕೆ ಸಾಕ್ಷಿ, ಒಳಗಿನ ಒಂದು ವಿಷಯ ಹಿಡಿದು. ಆಮೇಲೆ ನಿಮ್ಮ ಊಹೆಯ ಪ್ರಕಾರ ಒಂದು ಚಿಕ್ಕ ಕೆಲಸ ಮಾಡಿ ಕೊಡಿ, ಎರಡು ನಿಮಿಷ ಮೀರದ ಹಾಗೆ. ಕೊನೆಗೆ ಹೂಂ ಅಥವಾ ಊಹೂಂ ಅಂದರೆ ಮುಗಿಯೋ ಒಂದೇ ಪ್ರಶ್ನೆ. ಮೇಷ್ಟ್ರ ಕೆರೆ ಲೇಖನಕ್ಕೆ ಹೀಗೆ ಬರೆದಿದ್ದರೆ ಸಾಕಿತ್ತು: "ಓದಿದೆ ಸಾರ್, ನಮ್ಮ ಕೆರೆ ಕೋಡಿ ವಿಷಯ ಬರೆದಿದ್ದಾರೆ. ಪೇಪರಲ್ಲಿ ಬಂದಿದ್ದಾ, ನೀವು ಬರೆದಿದ್ದಾ?"

ಊಹೆ ತಪ್ಪಿದ್ದರೂ ಪರವಾಗಿಲ್ಲ. ಖಾಲಿ ಪ್ರಶ್ನೆಗೆ ಉತ್ತರ ಬರೆಯೋಕೆ ಬೇಜಾರು ಪಡೋ ಮನುಷ್ಯ, ತಪ್ಪು ಊಹೆಯನ್ನ ತಿದ್ದೋಕೆ ತಕ್ಷಣ ಬರ್ತಾನೆ. "ಅಲ್ಲ ಅಲ್ಲ, ಇಂಗ್ಲಿಷ್ ಬೇಕು" ಅಂತ ಎರಡು ಸೆಕೆಂಡಿನಲ್ಲಿ ಬರುತ್ತೆ.

ಉದ್ದದ ಕೆಲಸ ಆಗಿದ್ದರೆ, ಅಂದರೆ ಎಂಟು ಹತ್ತು ಪುಟದ ಲೇಖನ, ಮೊದಲ ಪ್ಯಾರಾ ಮಾತ್ರ ಮಾಡಿ ಕಳಿಸಿ: "ಇದೇ ಥರ ಮುಂದುವರಿಸ್ಲಾ?" ಇದರಿಂದ ತಿದ್ದೋದಾ, ಚಿಕ್ಕದು ಮಾಡೋದಾ ಅನ್ನೋದರ ಜೊತೆಗೆ ಎಷ್ಟು ತಿದ್ದಬೇಕು ಅನ್ನೋದೂ ಗೊತ್ತಾಗುತ್ತೆ. ಕೆಲವರಿಗೆ ಕಾಗುಣಿತ ಸಾಕು, ವಾಕ್ಯ ಮುಟ್ಟಿದರೆ ಸಿಟ್ಟು.

ಉತ್ತರ ಬರದೇ ಹೋದರೆ? ಸಂಜೆವರೆಗೆ ಬಿಡಿ. ಹಂಚಿಕೊಂಡಿದ್ದೇ ಆಗಿದ್ದರೆ ಅವರು ಮರೆತೂ ಆಗಿರುತ್ತೆ. ಗಡುವಿನ ಕಾಗದ ಆಗಿದ್ದರೆ ಮಾತ್ರ ಕಾಯಬೇಡಿ, ಕರೆ ಮಾಡಿ.

ಮೂಲ ಬರಹವನ್ನ ಮಾತ್ರ ಯಾವಾಗಲೂ ಹಾಗೇ ಉಳಿಸಿಕೊಳ್ಳಿ, ತಿದ್ದಿದ್ದನ್ನ ಬೇರೆ ಮೆಸೇಜಾಗಿ ಕಳಿಸಿ. ಊಹೆ ತಪ್ಪಿ ವಾಪಸ್ ಹೋಗಬೇಕಾದಾಗ ದಾರಿ ಇರಬೇಕಲ್ವಾ.

ಮೇಷ್ಟ್ರು ಈಗಲೂ ಕಳಿಸ್ತಾರೆ. ಮೊನ್ನೆ ಸೋಮವಾರ ಮತ್ತೊಂದು ಲೇಖನ ಬಂತು, ಹಲಸಿನ ತಳಿಗಳ ಬಗ್ಗೆ, ನಡುವೆ "ಇದನ್ನೂ ಓದಿ" ಭರ್ತಿ ಎರಡು ಕಡೆ. ನನಗೆ ಈ ಸಲ ಅನುಮಾನವೇ ಇರಲಿಲ್ಲ. "ಓದಿದೆ ಸಾರ್, ಆ ಕೆಂಪು ತೊಳೆ ಹಲಸು ನಮ್ಮ ತೋಟದಲ್ಲೂ ಇತ್ತು. ಓದೋಕೆ ತಾನೆ ಕಳಿಸಿದ್ದು?" ಅಂದೆ.

"ಊಹೂಂ. ಎರಡು ಪ್ರಿಂಟ್ ತೆಗೆದಿಡಿ, ಸಂಜೆ ವಾಕಿಂಗ್ ಬರುವಾಗ ತಗೊಳ್ತೀನಿ. ಅಕ್ಷರ ಸ್ವಲ್ಪ ದಪ್ಪ ಇರಲಿ."